ಕಣ್ಣಿನ ಹಿಂದಿರುವ ಕಂಡಕ್ಟರ್: ಕೊಪ್ಪಳದ ಒಂದು ಕಿರು ಆ್ಯನಿಮೇಶನ್ ಚಿತ್ರದ ಪ್ರಕರಣ ಅಧ್ಯಯನ

ಇಲ್ಲಿ ವಿವರಿಸುತ್ತಿರುವುದು ಕೊಪ್ಪಳದಲ್ಲಿ ನಾವು ಮೂವರು ಸೇರಿ ತಯಾರಿಸಿದ ಆರು ನಿಮಿಷಗಳ ಒಂದು ಆ್ಯನಿಮೇಶನ್ ಚಿತ್ರದ ನಿರ್ಮಾಣವನ್ನು. ಅದರ ಕಥೆ ಚಿಕ್ಕದು. ನವೆಂಬರ್ ತಿಂಗಳ ಕೊನೆಯಲ್ಲಿ ಒಂದು ಸಂಜೆ ಐದು ಗಂಟೆಗೆ ವಸತಿ ಬಸ್ಸೊಂದು ಕೊಪ್ಪಳದಿಂದ ಹೊರಟು, ಭಾನಾಪುರ ಮತ್ತು ಕುಕನೂರು ದಾಟಿ ಎರೆ ಸೀಮೆಯ ಒಂದು ಹಳ್ಳಿಯನ್ನು ಸೇರುತ್ತದೆ, ರಾತ್ರಿ ಅಲ್ಲಿಯೇ ಉಳಿದು ಬೆಳಿಗ್ಗೆ ಮರಳಿ ಘಟಕಕ್ಕೆ ಬರುತ್ತದೆ. ಅದರ ಕಂಡಕ್ಟರ್‌ಗೆ ಅರವತ್ತು ತುಂಬಿದೆ. ನಿವೃತ್ತಿಯು ತಿಂಗಳ ಕೊನೆಯ ದಿನ ಜಾರಿಗೆ ಬರುವುದರಿಂದ, ಇಪ್ಪತ್ತೊಂಬತ್ತರ ಸಂಜೆ ಹತ್ತಿದ ವಸತಿ ಡ್ಯೂಟಿ ಮೂವತ್ತರ ಬೆಳಿಗ್ಗೆ ಮುಗಿಯುವಾಗ ಅವರ ನೌಕರಿಯೂ ಮುಗಿಯುತ್ತದೆ. ಇಷ್ಟನ್ನೂ ಹೇಳುವುದು ಬಸ್ಸು. ನೋಡುವುದೂ ಬಸ್ಸೇ ಆಗಿರಬೇಕೆಂಬುದು ನಾವು ಹಾಕಿಕೊಂಡ ನಿಯಮ, ಮತ್ತು ಈ ಪ್ರಕರಣದ ಎಲ್ಲ ತೊಡಕುಗಳೂ ಎಲ್ಲ ಪರಿಹಾರಗಳೂ ಆ ಒಂದು ನಿಯಮದಿಂದಲೇ ಹುಟ್ಟಿದವು.

ತೊಡಕು ಏನೆಂದರೆ, ಬಸ್ಸಿನ ಮುಖ ಮುಂದಕ್ಕಿದೆ, ಕಂಡಕ್ಟರ್ ಇರುವುದು ಅದರ ಹೊಟ್ಟೆಯಲ್ಲಿ. ಡ್ರೈವರ್‌ನ ಕಥೆಯಾಗಿದ್ದರೆ ಸ್ಟೇರಿಂಗ್ ಹಿಡಿದ ಕೈಗಳಾದರೂ ಸಿಗುತ್ತಿದ್ದವು. ಕಂಡಕ್ಟರ್ ದಿನವಿಡೀ ಬಸ್ಸಿನ ಕಣ್ಣಿನ ಹಿಂದೆಯೇ ಓಡಾಡುವ ಮನುಷ್ಯ. ಯಾರ ಕಥೆಯನ್ನು ಹೇಳಬೇಕೋ ಅವರನ್ನೇ ಕಥೆ ಹೇಳುವ ಬಸ್ಸು ನೋಡಲಾರದು. ಇಂಥ ಚಿತ್ರಗಳಲ್ಲಿ ಸಾಮಾನ್ಯವಾಗಿ ಬಸ್ಸಿಗೆ ಹುಬ್ಬು, ಬಾಯಿ ಬರೆದು, ಅದು ಕತ್ತು ಹೊರಳಿಸಿ ಒಳಗೆ ನೋಡುವಂತೆ ಮಾಡಿ ಈ ತೊಡಕನ್ನು ದಾಟುತ್ತಾರೆ. ನಮ್ಮಲ್ಲೂ ಆ ವಿನ್ಯಾಸದ ಹಾಳೆಗಳು ತಯಾರಾಗಿದ್ದವು, ಕಿನ್ನಾಳದ ಗೊಂಬೆಗಳ ಬಣ್ಣದಲ್ಲಿ ನೋಡಲು ಚೆಂದವಾಗಿಯೂ ಇದ್ದವು. ಆದರೆ ಬಾಯಿ ಬಂದ ಕೂಡಲೇ ಬಸ್ಸು ನಗುತ್ತದೆ, ಅಳುತ್ತದೆ, ಪ್ರೇಕ್ಷಕರು ಕಂಡಕ್ಟರ್‌ನನ್ನು ಬಿಟ್ಟು ಬಸ್ಸಿನ ಮುಖವನ್ನೇ ನೋಡುತ್ತಾ ಕೂರುತ್ತಾರೆ. ಆದ್ದರಿಂದ ಮುಖವನ್ನು ಕೈಬಿಟ್ಟು, ಬಸ್ಸಿಗೆ ನಿಜವಾಗಿ ಏನೇನು ತಿಳಿಯಬಹುದು ಎಂಬ ಪಟ್ಟಿಯಿಂದ ಕೆಲಸ ಆರಂಭಿಸಿದೆವು.

ಆ ಪಟ್ಟಿಯ ಪ್ರಕಾರ ಬಸ್ಸಿಗೆ ಮುಂದಿನ ನೋಟ ಹೆಡ್‌ಲೈಟಿನ ಎತ್ತರದಿಂದ, ಅಂದರೆ ನೆಲದಿಂದ ಸುಮಾರು ಒಂದು ಮೀಟರ್ ಮೇಲಿನಿಂದ ಸಿಗುತ್ತದೆ. ಹೊರಗಿನ ಎರಡು ಕನ್ನಡಿಗಳಲ್ಲಿ ಬಾಗಿಲು ಮತ್ತು ಹಿಂಬದಿ ಕಾಣುತ್ತವೆ. ಡ್ರೈವರ್‌ನ ತಲೆಯ ಮೇಲಿನ ಒಳಗನ್ನಡಿಯಲ್ಲಿ ಸೀಟುಗಳ ನಡುವಿನ ದಾರಿಯ ಒಂದು ಅಗಲವಾದ, ಗಿಡ್ಡನೆಯ ಪಟ್ಟಿ ಕಾಣುತ್ತದೆ. ಉಳಿದದ್ದೆಲ್ಲ ಸ್ಪರ್ಶ ಮತ್ತು ಶಬ್ದ: ಮೆಟ್ಟಿಲಿನ ಮೇಲೆ ಬೀಳುವ ಭಾರ, ನೆಲದ ತಗಡಿನ ಮೇಲಿನ ಹೆಜ್ಜೆ, ಕಂಬಿಗೆ ತಾಕುವ ನಾಣ್ಯ, ಸೀಟಿ. ದೃಶ್ಯಗಳನ್ನು ಮೊದಲೇ ಚೌಕಚೌಕವಾಗಿ ಬರೆದಿಟ್ಟುಕೊಳ್ಳುವ ಸ್ಟೋರಿಬೋರ್ಡಿನ ಪ್ರತಿ ಚೌಕದ ಪಕ್ಕದಲ್ಲಿ ‘ಎಲ್ಲಿಂದ?’ ಎಂಬ ಒಂದು ಅಂಕಣವನ್ನು ಬರೆದು, ಅದರಲ್ಲಿ ಈ ಜಾಗಗಳ ಪೈಕಿ ಒಂದನ್ನು ತುಂಬಲಾಗದ ಚೌಕವನ್ನು ತೆಗೆದುಹಾಕುವುದೆಂದು ನಿರ್ಧರಿಸಿದೆವು. ನೋಟದ ನಿಯಮ ಎಲ್ಲಿ ಜಾರುತ್ತಿದೆ ಎಂಬುದನ್ನು ಕಂಡುಹಿಡಿಯಲು ಇದಕ್ಕಿಂತ ಸರಳವಾದ ಉಪಾಯ ನನಗೆ ಗೊತ್ತಿಲ್ಲ. ಅತ್ಯಂತ ಸುಂದರವಾದ ಚೌಕಗಳೇ ಈ ಅಂಕಣದಲ್ಲಿ ಸಿಕ್ಕಿಬೀಳುತ್ತಿದ್ದವು. ಸಂಜೆಯ ಬೆಳಕಿನಲ್ಲಿ ಕೆರೆಯ ಏರಿಯ ಮೇಲೆ ಬಸ್ಸು ಹೋಗುತ್ತಿರುವುದನ್ನು ದೂರದಿಂದ ತೋರಿಸುವ ಚೌಕ ಅಂಥದ್ದು. ಅದನ್ನು ನೋಡುತ್ತಿರುವವರು ಯಾರು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಕೊನೆಗೆ ಬಸ್ಸು ಆ ಕೆರೆಯ ನೀರಿನಲ್ಲಿ ತನ್ನ ಪ್ರತಿಬಿಂಬವನ್ನು ತಾನೇ ಕಾಣುವ ನಾಲ್ಕು ಸೆಕೆಂಡುಗಳ ದೃಶ್ಯವಾಗಿ ಅದನ್ನು ಬದಲಾಯಿಸಿಕೊಂಡೆವು. ಇಡೀ ಚಿತ್ರದಲ್ಲಿ ಬಸ್ಸು ಹೇಗಿದೆಯೆಂದು ಪ್ರೇಕ್ಷಕರಿಗೆ ತಿಳಿಯುವುದು ಅಲ್ಲಿ ಮಾತ್ರ.

ಕಥೆಯ ಮೊದಲ ಕರಡಿನಲ್ಲಿ ಬಸ್ಸು ತನ್ನ ಕಂಡಕ್ಟರ್ ಜೊತೆ ಮೂವತ್ತು ವರ್ಷ ಕಳೆದಿತ್ತು, ಮತ್ತು ಅವರು ನಿವೃತ್ತರಾಗುವ ದಿನವೇ ತಾನೂ ಗುಜರಿಗೆ ಹೋಗುತ್ತಿತ್ತು. ಈ ಕರಡನ್ನು ಸಾರಿಗೆ ನಿಗಮದಿಂದ ನಿವೃತ್ತರಾದ ಕಂಡಕ್ಟರ್ ಒಬ್ಬರಿಗೆ ಓದಿ ಹೇಳಿದಾಗ ಅವರು ನಕ್ಕು, “ತಮ್ಮಾ, ಮೂವತ್ತ್ ವರ್ಷ ಒಂದ ಗಾಡಿ ಯಾರಿಗಿ ಕೊಡ್ತಾರ? ಗಾಡಿ ಬದಲಾಗ್ತಾವ, ಶೆಡ್ಯೂಲ್ ಬದಲಾಗ್ತಾವ, ಡ್ರೈವರ್ ಬದಲಾಗ್ತಾರ. ನಾವ ಬದಲಾಗೂದಿಲ್ಲ ಅಷ್ಟ” ಎಂದರು. ಲೆಕ್ಕವೂ ಅವರ ಪರವಾಗಿಯೇ ಇದೆ. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ. ಹಾಗಾಗಿ ಒಂದು ಬಸ್ಸಿನ ಆಯುಷ್ಯ ಒಬ್ಬ ನೌಕರನ ಸೇವೆಯ ಅರ್ಧದಷ್ಟಿದ್ದರೆ ಹೆಚ್ಚು. ಇಬ್ಬರಿಗೂ ಒಂದೇ ದಿನ ಬೀಳ್ಕೊಡುಗೆ ಎಂಬ ಜೋಡಿ ಅಂತ್ಯ ಬರೆಯುವವರಿಗೆಲ್ಲ ಮೊದಲು ಹೊಳೆಯುವ ಅಂತ್ಯ, ಆದರೆ ಘಟಕದ ಗೇಟಿನೊಳಗೆ ದುಡಿದ ಯಾರೂ ಅದನ್ನು ನಂಬುವುದಿಲ್ಲ. ಬದಲಾದ ಕಥೆಯಲ್ಲಿ ಬಸ್ಸಿಗೆ ಇನ್ನೂ ಐದಾರು ವರ್ಷಗಳ ಓಟ ಬಾಕಿಯಿದೆ. ಈ ಕಂಡಕ್ಟರ್ ಅದರ ಪಾಲಿಗೆ ಕೆಲವು ವರ್ಷಗಳಿಂದ ಈ ಒಂದು ದಾರಿಯಲ್ಲಿ ಮಾತ್ರ ಬರುವ ಒಂದು ಹೆಜ್ಜೆ. ಸಂಬಂಧ ಹೀಗೆ ಚಿಕ್ಕದಾದ ಮೇಲೆ ಬಸ್ಸಿನ ಮಾತಿನಲ್ಲಿದ್ದ ಹಳೆಯ ನೆನಪುಗಳ ಭಾಗವೆಲ್ಲ ತಾನಾಗಿ ಉದುರಿ, ಆ ಒಂದು ರಾತ್ರಿಯಲ್ಲಿ ಏನಾಗುತ್ತದೆ ಎಂಬುದಷ್ಟೇ ಉಳಿಯಿತು.

ಹೆಜ್ಜೆಯನ್ನು ಚಿತ್ರಿಸುವುದು ಹೇಗೆಂಬುದಕ್ಕೆ ನಾವು ಹೆಚ್ಚು ಸಮಯ ಕೊಟ್ಟೆವು. ನೆಲದ ತಗಡನ್ನು ಬಹುತೇಕ ಕಪ್ಪಾದ ಹಿನ್ನೆಲೆಯಾಗಿ ಇಟ್ಟು, ಅದರ ಮೇಲೆ ಎಲ್ಲಿ ಭಾರ ಬೀಳುತ್ತದೋ ಅಲ್ಲಿ ಸೀಮೆಸುಣ್ಣದ ಪುಡಿಯಂಥ ಒಂದು ಬೆಳಕಿನ ಗುರುತು ಮೂಡಿ ನಿಧಾನವಾಗಿ ಆರುವಂತೆ ಮಾಡಿದೆವು. ಈ ಗುರುತುಗಳ ಅರ್ಥ ಪ್ರೇಕ್ಷಕರಿಗೆ ತಾನಾಗಿ ತಿಳಿಯುವುದಿಲ್ಲ, ಕಲಿಸಬೇಕಾಗುತ್ತದೆ. ಆದ್ದರಿಂದ ಚಿತ್ರದ ಮೊದಲ ನಲವತ್ತು ಸೆಕೆಂಡುಗಳೊಳಗೆ, ಹೊರಗನ್ನಡಿಯಲ್ಲಿ ಚಪ್ಪಲಿಯ ಕಾಲೊಂದು ಮೆಟ್ಟಿಲನ್ನು ಹತ್ತುವುದು ಕಾಣುತ್ತದೆ, ಅದೇ ಕ್ಷಣ ಕಪ್ಪು ತಗಡಿನ ಮೇಲೆ ಮೊದಲ ಗುರುತು ಬೀಳುತ್ತದೆ, ಅದರೊಂದಿಗೆ ಹಿಂದಿನ ಗಾಲಿಯ ಸ್ಪ್ರಿಂಗ್ ಪಾಟಾ ಕಿರ್ರೆನ್ನುತ್ತದೆ. ಇದು ಎರಡು ಬಾರಿ ನಡೆದ ಮೇಲೆ ಕನ್ನಡಿಯನ್ನು ತೋರಿಸಬೇಕಾದ ಅಗತ್ಯವೇ ಉಳಿಯುವುದಿಲ್ಲ.

ಗುರುತುಗಳ ವಿನ್ಯಾಸವನ್ನು ತಿದ್ದಿದವರೂ ಆ ನಿವೃತ್ತ ಕಂಡಕ್ಟರೇ. ನಾವು ಎರಡು ಪಾದಗಳನ್ನು ಸಮಾನ ಭಾರದಲ್ಲಿ ಬರೆದಿದ್ದೆವು. ಅವರು ಎದ್ದು ನಿಂತು, ಮನೆಯ ಮೇಜಿನ ಅಂಚಿಗೆ ಸೊಂಟವನ್ನು ಆನಿಸಿ ತೋರಿಸಿದರು: ಓಡುವ ಬಸ್ಸಿನಲ್ಲಿ ಟಿಕೆಟ್ ಕೊಡುವಾಗ ಕಂಡಕ್ಟರ್‌ಗೆ ಎರಡೂ ಕೈ ಬೇಕು, ಒಂದು ಯಂತ್ರಕ್ಕೆ, ಇನ್ನೊಂದು ಹಣಕ್ಕೆ, ಹಾಗಾಗಿ ಅವನು ಸೊಂಟದ ಒಂದು ಪಕ್ಕವನ್ನು ಸೀಟಿನ ಅಂಚಿಗೆ ಒರಗಿಸಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲುತ್ತಾನೆ. ಪ್ರತಿಯೊಬ್ಬರಿಗೂ ಒರಗುವ ಪಕ್ಕ ಬೇರೆ, ವರ್ಷಗಳಲ್ಲಿ ಅದು ಬದಲಾಗುವುದಿಲ್ಲ. ನಮ್ಮ ಕಂಡಕ್ಟರ್ ಎಡಕ್ಕೆ ಒರಗುವವರಾದರು. ಅಂದಿನಿಂದ ಗುರುತು ಒಂದು ಪಾದ ಮತ್ತು ಎಡಸಾಲಿನ ಸೀಟಿನ ಅಂಚಿನಲ್ಲಿ ಒಂದು ಉಬ್ಬು ಎಂಬ ರೂಪ ಪಡೆಯಿತು, ಮುಖವಿಲ್ಲದ ಪಾತ್ರಕ್ಕೆ ಅದೇ ಮುಖಚಹರೆಯಾಯಿತು. ಇಡೀ ಚಿತ್ರದಲ್ಲಿ ಹದಿನಾಲ್ಕೇ ಸಾಲುಗಳಷ್ಟಿರುವ ಬಸ್ಸಿನ ಮಾತಿನಲ್ಲಿ ಒಂದು ಸಾಲು ಇದನ್ನೇ ಹೇಳುತ್ತದೆ: “ನಮ್ಮ ಕಂಡಕ್ಟರ್ ಕಾಲು ಇವತ್ತ ಯಾಕೋ ಮೆತ್ತಗ ಬೀಳಾಕತ್ತಾವು.”

ಮುಖ ಕಾಣದಿರುವುದರಿಂದ ತುಟಿಯ ಚಲನೆಯನ್ನು ಮಾತಿಗೆ ಹೊಂದಿಸುವ ಕೆಲಸ ಪೂರ್ತಿ ತಪ್ಪಿತು. ಮೂವರ ತಂಡಕ್ಕೆ ಇದು ಸಣ್ಣ ಉಳಿತಾಯವಲ್ಲ. ಆರು ನಿಮಿಷವೆಂದರೆ ಸೆಕೆಂಡಿಗೆ 24ರಂತೆ 8,640 ಚೌಕಟ್ಟುಗಳು, ಒಂದೊಂದು ಚಿತ್ರವನ್ನು ಎರಡು ಚೌಕಟ್ಟು ಹಿಡಿದರೂ 4,320 ಚಿತ್ರಗಳು. ಒಳಭಾಗದ ದೃಶ್ಯಗಳಲ್ಲಿ ಸೀಟು, ಕಂಬಿ, ಕಿಟಕಿಗಳು ಒಂದೇ ಸ್ಥಿರ ಪದರದಲ್ಲಿದ್ದು, ಕಿಟಕಿಯಾಚೆಯ ನೋಟ ಮಾತ್ರ ಜಾರುತ್ತದೆ. ಆದರೆ ಆ ಸ್ಥಿರ ಪದರ ಅಲುಗದಿದ್ದರೆ ಬಸ್ಸು ಬಸ್ಸೆನಿಸುವುದಿಲ್ಲ. ಆರು ಸಿಲಿಂಡರಿನ ಡೀಸೆಲ್ ಎಂಜಿನ್ ನಿಂತಲ್ಲೇ ನಿಮಿಷಕ್ಕೆ ಆರುನೂರು ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಮೂವತ್ತು ಬಾರಿ ಸಿಡಿಯುತ್ತದೆ. ಇಪ್ಪತ್ನಾಲ್ಕು ಚೌಕಟ್ಟುಗಳಲ್ಲಿ ಆ ನಡುಕವನ್ನು ಇದ್ದ ಹಾಗೆ ತೋರಿಸುವುದು ಅಸಾಧ್ಯ. ಎಲ್ಲವನ್ನೂ ಚೌಕಟ್ಟಿಗೊಮ್ಮೆ ಅಲುಗಿಸಿದರೆ ಚಿತ್ರವೇ ಕೆಟ್ಟಿದೆ ಎನಿಸುತ್ತದೆ. ಹಾಗಾಗಿ ಬಸ್ಸಿನ ಮೈಯನ್ನು ಬಿಟ್ಟು, ಸಡಿಲವಾದ ಒಂದು ಕಿಟಕಿ ಗಾಜನ್ನು ಮಾತ್ರ ಎರಡು ಚೌಕಟ್ಟಿಗೊಮ್ಮೆ ಒಂದೆರಡು ಪಿಕ್ಸೆಲ್ ಅಲುಗಿಸಿ, ಉಳಿದದ್ದನ್ನು ಶಬ್ದಕ್ಕೆ ವಹಿಸಿದೆವು.

ಕನ್ನಡಿಯ ದೃಶ್ಯಗಳು ನೋಡಲು ಸುಲಭ, ತಪ್ಪಲೂ ಅಷ್ಟೇ ಸುಲಭ. ಕಂಡಕ್ಟರ್‌ನ ಬಿಲ್ಲೆ ಎಡ ಎದೆಯ ಮೇಲಿದ್ದರೆ, ಎದುರಿಗೆ ನಿಂತು ನೋಡುವವರಿಗೆ ಅದು ಚೌಕಟ್ಟಿನ ಬಲಭಾಗದಲ್ಲಿ ಕಾಣುತ್ತದೆ, ಕನ್ನಡಿಯಲ್ಲಿ ಎಡಭಾಗದಲ್ಲಿ. ಚಿತ್ರವನ್ನು ನೇರವಾಗಿ ಬರೆದು ಬ್ಲೆಂಡರ್ ತಂತ್ರಾಂಶದಲ್ಲಿ ಮಗುಚಿದರೆ ಕೆಲಸ ಮುಗಿಯಿತು ಎನ್ನಿಸುತ್ತದೆ, ಆದರೆ ಒಂದು ಚಿತ್ರವನ್ನು ಮಗುಚಿ ಇನ್ನೊಂದನ್ನು ಮಗುಚದೆ ಬಿಟ್ಟರೆ ಚೀಲದ ಪಟ್ಟಿ ಒಂದು ದೃಶ್ಯದಿಂದ ಮುಂದಿನದಕ್ಕೆ ಹೆಗಲು ಬದಲಿಸುತ್ತದೆ. ಪರೀಕ್ಷಿಸಲು ಅಕ್ಷರಗಳನ್ನು ನೋಡಿದರೆ ಸಾಕು: ಒಳಗನ್ನಡಿಯಲ್ಲಿ ‘ಮಹಿಳೆಯರಿಗೆ’ ಎಂಬ ಸೀಟಿನ ಮೇಲಿನ ಬರಹ ಓದಲು ಬರುತ್ತಿದ್ದರೆ ಏನೋ ತಪ್ಪಿದೆ. ನಾವು ಕಂಡಕ್ಟರ್‌ಗೆ ಎರಡು ಮಾದರಿ ಹಾಳೆಗಳನ್ನೇ ಮಾಡಿಕೊಂಡೆವು, ಒಂದು ಕನ್ನಡಿಯದು, ಇನ್ನೊಂದು ನೇರ ನೋಟದ್ದು. ಎರಡನೆಯದನ್ನು ಇಡೀ ಚಿತ್ರದಲ್ಲಿ ಒಂದೇ ಒಂದು ಸಲ ಬಳಸಿದ್ದೇವೆ.

ದಾರಿಯ ಬಣ್ಣವನ್ನು ಈ ಜಿಲ್ಲೆಯ ಮಣ್ಣೇ ಕೊಟ್ಟಿತು. ಕೊಪ್ಪಳದ ಸುತ್ತ ಕಲ್ಲುಗುಡ್ಡಗಳೂ ಕೆಂಪು ಮಸಾರಿಯೂ ಇವೆ. ಕುಕನೂರು, ಯಲಬುರ್ಗಾದ ಕಡೆಗೆ ಹೋದಂತೆ ಗುಡ್ಡಗಳು ಹಿಂದುಳಿದು ಎರೆ ಭೂಮಿ ಹರಡಿಕೊಳ್ಳುತ್ತದೆ, ನವೆಂಬರಿನಲ್ಲಿ ಅಲ್ಲಿ ಬಿಳಿಜೋಳ ಮತ್ತು ಕಡಲೆ ಇರುತ್ತವೆ. ಐದಕ್ಕೆ ಹೊರಟ ಬಸ್ಸಿಗೆ ಕೆಂಪು ನೆಲ ಹಗಲಿನಲ್ಲೂ ಕಪ್ಪು ನೆಲ ಮುಸ್ಸಂಜೆಯಲ್ಲೂ ಸಿಗುವುದರಿಂದ ಬಣ್ಣದ ಯೋಜನೆಗೆ ನಾವು ಏನನ್ನೂ ಕಲ್ಪಿಸಬೇಕಾಗಲಿಲ್ಲ. ಆದರೆ ಎರೆ ಸೀಮೆ ಚಲನೆಗೆ ಶತ್ರು. ಬಸ್ಸು ಓಡುತ್ತಿದೆ ಎಂದು ಕಣ್ಣಿಗೆ ತಿಳಿಯುವುದು ಹತ್ತಿರದ ಬೇವಿನ ಮರ ಬೇಗ ಜಾರಿ, ದೂರದ ಗುಡ್ಡ ನಿಧಾನವಾಗಿ ಜಾರುವುದರಿಂದ. ಗುಡ್ಡವಿಲ್ಲದ, ಮರ ಕಡಿಮೆಯಿರುವ ಬಯಲಿನಲ್ಲಿ ಪದರಗಳೆಲ್ಲ ಒಂದಾಗಿ, ಅನಿಮ್ಯಾಟಿಕ್‌ನಲ್ಲಿ, ಅಂದರೆ ಚೌಕಗಳನ್ನು ಕಾಲಕ್ಕೆ ಹೊಂದಿಸಿ ಓಡಿಸಿದ ಕಚ್ಚಾ ಚಿತ್ರದಲ್ಲಿ, ಬಸ್ಸು ನಿಂತೇ ಬಿಟ್ಟಂತೆ ಕಾಣುತ್ತಿತ್ತು. ವೇಗವನ್ನು ಹೆಚ್ಚಿಸಿದರೆ ಹಳ್ಳಿಯ ರಸ್ತೆ ಹೆದ್ದಾರಿಯಾಗುತ್ತದೆ. ಕೊನೆಗೆ ವಿದ್ಯುತ್ ಕಂಬಗಳು ನೆರವಿಗೆ ಬಂದವು: ಗಂಟೆಗೆ ನಲವತ್ತು ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಹನ್ನೊಂದು ಮೀಟರ್, ಐವತ್ತು ಮೀಟರಿಗೊಂದು ಕಂಬವಿದ್ದರೆ ಸುಮಾರು ನಾಲ್ಕೂವರೆ ಸೆಕೆಂಡಿಗೆ ಒಂದು. ಕಂಬಗಳ ಈ ಬಡಿತ ಸಿಕ್ಕ ಮೇಲೆ ಬಯಲು ಚಲಿಸತೊಡಗಿತು, ಡ್ರೈವರ್ ಮತ್ತು ಕಂಡಕ್ಟರ್ ನಡುವಿನ ಮಾತುಗಳ ನಡುವಿನ ಮೌನಕ್ಕೂ ಅದೇ ಅಳತೆಯಾಯಿತು.

ಶಬ್ದದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ವಿವರವಾಗಿಯೇ ಹೇಳಬೇಕು. ಒಂದು ಸೀಟಿಗೆ ಗಾಡಿ ನಿಲ್ಲುತ್ತದೆ, ಎರಡಕ್ಕೆ ಹೊರಡುತ್ತದೆ. ಓಡುತ್ತಿರುವ ಬಸ್ಸಿನಲ್ಲಿ ಧ್ವನಿಮುದ್ರಣಕ್ಕೆಂದು ಯಾರಾದರೂ ಸೀಟಿ ಊದಿದರೆ ಡ್ರೈವರ್ ಬ್ರೇಕ್ ಹಾಕುತ್ತಾರೆ. ‘ರೈಟ್’, ‘ಹೋಲ್ಡಾನ್’ ಎಂಬ ಕೂಗುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಆದ್ದರಿಂದ ಓಟದ ಶಬ್ದ, ತಗಡಿನ ಗಡಗಡ, ಜನರ ಗುಜುಗುಜುಗಳನ್ನು ಪ್ರಯಾಣಿಕರಾಗಿ ಕುಳಿತು ಮುದ್ರಿಸಿಕೊಂಡು, ಸೀಟಿ ಮತ್ತು ಕೂಗುಗಳನ್ನು ಊರ ಹೊರಗಿನ ಬಯಲಿನಲ್ಲಿ ಬೇರೆಯಾಗಿ ಮುದ್ರಿಸಿ, ಬಸ್ಸಿನೊಳಗಿನ ಮೊಳಗನ್ನು ಆಮೇಲೆ ಸೇರಿಸಿದೆವು. ಚೀಲದ ನಾಣ್ಯಗಳ ಶಬ್ದದ ಬಗ್ಗೆ ನಿವೃತ್ತ ಕಂಡಕ್ಟರ್ ಕೊಟ್ಟ ಸೂಚನೆ ನಮಗೆ ಹೊಳೆದಿರಲಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಶೂನ್ಯ ಟಿಕೆಟ್ ಬಂದ ಮೇಲೆ, ಯಂತ್ರದ ಕರ್‌ಕರ್ ಶಬ್ದ ಹೆಚ್ಚಿ ಚಿಲ್ಲರೆಯ ಶಬ್ದ ಕಡಿಮೆಯಾಗಿದೆ ಎಂದರು ಅವರು. ಹಾಗಾಗಿ ನಮ್ಮ ಚಿತ್ರದಲ್ಲಿ ನಾಣ್ಯ ಸದ್ದು ಮಾಡುವುದು ಅಪರೂಪ, ಮತ್ತು ಅಪರೂಪವಾದ್ದರಿಂದಲೇ ಅದು ಕಥೆಗೆ ಒದಗಿತು. ಹಿಂದಿನ ವಾರದ ಟಿಕೆಟಿನ ಬೆನ್ನಿಗೆ ಬರೆದುಕೊಟ್ಟಿದ್ದ ಎಂಟು ರೂಪಾಯಿ ಬಾಕಿಯನ್ನು ಒಬ್ಬ ರೈತ ಕೇಳುತ್ತಾನೆ. “ನಾಳಿ ಕೊಡ್ತೀನಿ” ಎನ್ನಲು ಕಂಡಕ್ಟರ್‌ಗೆ ಇನ್ನು ನಾಳೆಯಿಲ್ಲ. ಅವರು ಚೀಲವನ್ನೆಲ್ಲ ತಡಕುವ ಸದ್ದು ಎರಡು ಕಂಬಗಳ ಕಾಲ ಕೇಳುತ್ತದೆ. ಕಥೆಯಲ್ಲಿ ಜಗಳವೆಂದು ಕರೆಯಬಹುದಾದದ್ದು ಇಷ್ಟೇ.

ಹಳ್ಳಿಯ ರಾತ್ರಿಯಲ್ಲಿ ನಿಯಮ ನಮ್ಮನ್ನೇ ಇಕ್ಕಟ್ಟಿಗೆ ಸಿಲುಕಿಸಿತು. ಎಂಜಿನ್ ಆರಿ, ದೀಪ ಆರಿದ ಮೇಲೆ ಬಸ್ಸು ಏನನ್ನೂ ನೋಡಲಾರದು ಎಂದು ತೀರ್ಮಾನಿಸಿ, ನಲವತ್ತು ಸೆಕೆಂಡು ಪೂರ್ತಿ ಕಪ್ಪು ತೆರೆಯ ಮೇಲೆ ಬರಿಯ ಶಬ್ದಗಳನ್ನಿಟ್ಟಿದ್ದೆವು. ದೊಡ್ಡ ತೆರೆಯಲ್ಲಿ ಅದು ಚೆನ್ನಾಗಿಯೇ ನಡೆಯಿತು. ಫೋನಿನಲ್ಲಿ ನೋಡಿದವರು ಮಾತ್ರ ಏಳೆಂಟು ಸೆಕೆಂಡಿಗೆ ತೆರೆಯನ್ನು ಬೆರಳಿನಿಂದ ತಟ್ಟುತ್ತಿದ್ದರು, ವಿಡಿಯೊ ನಿಂತಿದೆಯೆಂದು. ಅಭಿಪ್ರಾಯ ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ, ಬೆರಳು ಮಾತ್ರ ಸುಳ್ಳು ಹೇಳುವುದಿಲ್ಲ. ಆದ್ದರಿಂದ ಒಳಗಿನ ಒಂದು ಸಣ್ಣ ಬಲ್ಬನ್ನು ಹೆಚ್ಚು ಹೊತ್ತು ಉರಿಯಲು ಬಿಟ್ಟೆವು: ಕಂಡಕ್ಟರ್ ಅದರ ಕೆಳಗೆ ಟಿಕೆಟ್ ಲೆಕ್ಕದ ಹಾಳೆಯಾದ ವೇ ಬಿಲ್ಲಿಗೆ ಹಣ ಹೊಂದಿಸುವುದು ಒಳಗನ್ನಡಿಯ ಪಟ್ಟಿಯಲ್ಲಿ ಬೆರಳುಗಳಾಗಿ ಮಾತ್ರ ಕಾಣುತ್ತದೆ, ಬಲ್ಬ್ ಆರಿದ ಮೇಲೆ ಹತ್ತು ಸೆಕೆಂಡಷ್ಟೇ ಕತ್ತಲು, ಅದರಲ್ಲೂ ಮೂರನೆಯ ಸೆಕೆಂಡಿಗೆ ಒಂದು ಸೀನು. ಸೀನು ಕೇಳಿದವರು ತೆರೆಯನ್ನು ತಟ್ಟುವುದಿಲ್ಲ.

ಬೀಳ್ಕೊಡುಗೆಯ ದೃಶ್ಯವನ್ನು ನಾವು ಬರೆಯಲೇ ಇಲ್ಲ, ಬರೆಯಲು ನಿಯಮದಲ್ಲಿ ಅವಕಾಶವೂ ಇರಲಿಲ್ಲ. ಮರಳಿ ಬಂದ ಕಂಡಕ್ಟರ್ ಹಣ, ಟಿಕೆಟ್ ಯಂತ್ರ ಮತ್ತು ವೇ ಬಿಲ್ಲನ್ನು ಒಪ್ಪಿಸುವುದು ಕ್ಯಾಶ್ ಕೌಂಟರಿನಲ್ಲಿ, ಬಸ್ಸು ಅಲ್ಲಿಗೆ ಹೋಗುವುದಿಲ್ಲ. ಅಂಗಳದಲ್ಲಿ ನೀರು ಹೊಡೆಸಿಕೊಳ್ಳುತ್ತಾ ನಿಂತ ಬಸ್ಸಿಗೆ ಒಳಗಿನಿಂದ ಒಂದು ಚಪ್ಪಾಳೆ, ಮೈಕು ತಟ್ಟುವ ಸದ್ದು, ಯಾರದೋ ನಗು ಕೇಳುತ್ತವೆ. ಆಮೇಲೆ ಅವರು ಹೊರಬಂದು ಗೇಟಿನ ಕಡೆಗೆ ಹೋಗುತ್ತಾ ಬಸ್ಸಿನ ಮುಂದೆ ಹಾದುಹೋಗುತ್ತಾರೆ. ನೇರ ನೋಟದ ಮಾದರಿ ಹಾಳೆ ಬಳಕೆಯಾದದ್ದು ಇಲ್ಲಿ: ಬಿಲ್ಲೆ ಚೌಕಟ್ಟಿನ ಬಲಕ್ಕಿದೆ, ಹೆಗಲ ಮೇಲೆ ಚೀಲವಿಲ್ಲ, ಮಾಲೆ ಪ್ಲಾಸ್ಟಿಕ್ ಕೈಚೀಲವೊಂದರಲ್ಲಿದೆ. ಅವರು ಬಸ್ಸಿನ ಕಡೆಗೆ ನೋಡುವುದೂ ಇಲ್ಲ. ಹೆಡ್‌ಲೈಟಿನ ಎತ್ತರದಿಂದ ನೋಡುವಾಗ ದಿಗಂತದ ರೇಖೆ ನಿಂತವರೆಲ್ಲರ ಸೊಂಟದ ಆಸುಪಾಸಿನಲ್ಲಿ ಹಾದುಹೋಗುತ್ತದೆ, ಹಾಗಾಗಿ ಯಾರು ಎತ್ತರ, ಯಾರು ಗಿಡ್ಡ ಎಂದು ತೋರಿಸಲು ಪಕ್ಕದಲ್ಲಿ ಇನ್ನೊಬ್ಬರು ಬೇಕು. ಮರುದಿನದ ಡ್ಯೂಟಿಯ ಕಂಡಕ್ಟರ್ ಅವರ ಜೊತೆ ನಡೆಯುತ್ತಾನೆ, ಅವನ ಭುಜಕ್ಕೆ ಇವರ ತಲೆ ಬರುತ್ತದೆ. ಬಸ್ಸು ಹೆಜ್ಜೆಯ ಭಾರದಿಂದ ಎತ್ತರದ ಆಳೆಂದುಕೊಂಡಿತ್ತು.

ಈ ದೃಶ್ಯ ಮೊದಲಿಗೆ ಮೂರು ಸೆಕೆಂಡಿನದಾಗಿತ್ತು, ಅಂದರೆ 72 ಚೌಕಟ್ಟುಗಳು. ನೋಡಿದವರಲ್ಲಿ ಹಲವರಿಗೆ ಹಾದುಹೋದವರು ಯಾರೆಂದೇ ತಿಳಿಯಲಿಲ್ಲ, ಏಕೆಂದರೆ ಅಲ್ಲಿಯವರೆಗೆ ಪ್ರೇಕ್ಷಕರಿಗೂ ಆ ಮನುಷ್ಯ ಹೆಜ್ಜೆ, ದನಿ ಮತ್ತು ಕನ್ನಡಿಯ ತುಣುಕುಗಳಾಗಿಯೇ ಪರಿಚಿತ. ಸಂಗೀತ ಹಾಕಿ ಗುರುತಿಸುವಂತೆ ಮಾಡಬಹುದಿತ್ತು, ನಾವು ಅದರ ಬದಲು ಜೊತೆಗಾರನ ಬಾಯಲ್ಲಿ “ಯಣ್ಣಾ, ಆಟೋ ತರಸ್ಲೇನ್ರಿ?” ಎಂಬ ಮಾತನ್ನೂ, ಅದಕ್ಕೆ ಇವರ “ಯಾಕಪಾ, ಅಲ್ಲೆ ಬಸ್ಸ್ಟಾಂಡ್ ಐತಲ್ಲ” ಎಂಬ ಉತ್ತರವನ್ನೂ ಇಟ್ಟು, ದೃಶ್ಯವನ್ನು ಐದು ಸೆಕೆಂಡಿಗೆ ಬೆಳೆಸಿದೆವು. ದನಿ ಕೇಳಿದ ಕೂಡಲೇ ಗುರುತು ಹತ್ತಿತು. ಆ ಎರಡು ಸೆಕೆಂಡನ್ನು ಕೆರೆಯ ನೀರಿನ ದೃಶ್ಯದಿಂದ ಕತ್ತರಿಸಿ ತೆಗೆದುಕೊಂಡಿದ್ದೇವೆ. ತಂಡದಲ್ಲಿ ಆ ನೀರನ್ನು ಬರೆದವರಿಗೆ ಈ ಬಗ್ಗೆ ಇಂದಿಗೂ ಸಮಾಧಾನವಿಲ್ಲ.